ಎತ್ತಿದ ಸ್ಟ್ಯಾಂಡು, ಒಪ್ಪದ ಬೈಕು

ಬೆಳಗ್ಗೆ ಬಟನ್ ಒತ್ತಿದೆ. ಒಂದೇ ಏಟಿಗೆ ಸ್ಟಾರ್ಟ್ ಆಯಿತು. ಹಿಂದಿನ ದಿನ ತಾನೇ ಕೆಸರು ದಾರಿಯಲ್ಲಿ ಓಡಾಡಿ ಬಂದು, ಪೈಪಿನ ಬಾಯಿಗೆ ಬೆರಳಿಟ್ಟು ಜೋರಾಗಿ ನೀರು ಚಿಮ್ಮಿಸಿ, ಮೂಲೆ ಮೂಲೆ ತೊಳೆದಿದ್ದೆ. ಬೈಕು ಮದುವಣಗಿತ್ತಿಯ ಹಾಗೆ ಹೊಳೆಯುತ್ತಿತ್ತು. ಹೆಲ್ಮೆಟ್ ಹಾಕಿಕೊಂಡೆ, ಸ್ಟ್ಯಾಂಡ್ ಎತ್ತಿದೆ, ಕ್ಲಚ್ ಹಿಡಿದು ಒಂದನೇ ಗೇರಿಗೆ ಒತ್ತಿದೆ. ಟಕ್. ಎಂಜಿನ್ ಆಫ್.

ಮತ್ತೆ ನ್ಯೂಟ್ರಲ್, ಮತ್ತೆ ಸ್ಟಾರ್ಟ್, ಮತ್ತೆ ಗೇರು, ಮತ್ತೆ ಟಕ್. ಆರೇಳು ಸಲ ಇದೇ ನಾಟಕ ಆದಾಗ ಪಕ್ಕದ ಮನೆಯವರು ಗೇಟಿಗೆ ಬಂದು ನಿಂತರು. "ಕ್ಲಚ್ ಸರಿಯಾಗಿ ಹಿಡೀರಿ" ಅಂದರು. ಹಿಡಿದೇ ಇದ್ದೇನೆ ಅಂದೆ. "ಹಾಗಾದ್ರೆ ಸೈಡ್ ಸ್ಟ್ಯಾಂಡ್ ಎತ್ತಿಲ್ಲ ಅನ್ಸುತ್ತೆ, ನೋಡಿ." ಇಪ್ಪತ್ತು ವರ್ಷದಿಂದ ಬೈಕ್ ಓಡಿಸುವವನಿಗೆ ಕೇಳುವ ಮಾತಾ ಇದು? ಬಗ್ಗಿ, ಮೇಲಕ್ಕೆ ಮಡಚಿಕೊಂಡಿದ್ದ ಸ್ಟ್ಯಾಂಡನ್ನು ಬೆರಳು ತೋರಿಸಿ ಸಾಬೀತು ಮಾಡಿದೆ. ಅವರು ಸುಮ್ಮನಾದರು. ಬೈಕು ಮಾತ್ರ ನಂಬಲಿಲ್ಲ.

ಆಗ ಮಾಡಬೇಕಾದದ್ದನ್ನು ಬಿಟ್ಟು ಬೇರೆಲ್ಲ ಮಾಡಿದೆ. ಪ್ಲಗ್ ಬಿಚ್ಚಿ ಒರೆಸಿದೆ. ಬ್ಯಾಟರಿ ಟರ್ಮಿನಲ್ ತಿಕ್ಕಿದೆ. ಪೆಟ್ರೋಲ್ ಮುಚ್ಚಳ ತೆಗೆದು ಒಳಗೆ ಇಣುಕಿದೆ. ಈಗ ಯೋಚಿಸಿದರೆ ನಗು ಬರುತ್ತದೆ. ನ್ಯೂಟ್ರಲ್‌ನಲ್ಲಿ ಅರ್ಧ ಗಂಟೆ ಬೇಕಾದರೂ ಗುರ್ರೆನ್ನುವ ಎಂಜಿನ್‌ಗೆ ಪ್ಲಗ್ಗಿನದೂ ಪೆಟ್ರೋಲಿನದೂ ಯಾವ ತೊಂದರೆ ಇರುತ್ತದೆ?

ಕೊನೆಗೆ ತಳ್ಳಿಕೊಂಡೇ ಮೆಕ್ಯಾನಿಕ್ ಹತ್ತಿರ ಹೋದೆ. ಆತ ಒಂದೇ ಪ್ರಶ್ನೆ ಕೇಳಿದ. "ಆಫ್ ಆಗುವಾಗ ಬೈಕು ಮುಂದಕ್ಕೆ ಜಿಗಿಯುತ್ತಾ ಸರ್, ಇಲ್ಲಾ ಕೀ ತಿರುಗಿಸಿದ ಹಾಗೆ ಸುಮ್ನೆ ನಿಲ್ಲುತ್ತಾ?"

ಸುಮ್ನೆ ನಿಲ್ಲುತ್ತೆ ಅಂದೆ. ಆ ಉತ್ತರದಲ್ಲೇ ಅರ್ಧ ರೋಗ ಸಿಕ್ಕಿತಂತೆ. ಕ್ಲಚ್ ಪ್ಲೇಟ್ ಅಂಟಿಕೊಂಡಿದ್ದರೆ ಗೇರು ಬಿದ್ದ ಕೂಡಲೇ ಬೈಕು ಒಮ್ಮೆ ಮುಂದಕ್ಕೆ ಎಗರಿ, ಆಮೇಲೆ ಸಾಯುತ್ತದೆ. ಎಗರದೆ, ಕೆಮ್ಮದೆ, ಶಾಂತವಾಗಿ ಸತ್ತರೆ ಕರೆಂಟನ್ನು ಬೇಕೆಂದೇ ಯಾರೋ ಕತ್ತರಿಸಿದ್ದಾರೆ ಎಂದರ್ಥ.

ಆ ಯಾರೋ ಬೇರೆ ಯಾರೂ ಅಲ್ಲ, ಬೈಕಿನ ಇ.ಸಿ.ಯು, ಅಂದರೆ ಎಂಜಿನ್ ನಡೆಸುವ ಪುಟ್ಟ ಕಂಪ್ಯೂಟರ್. ಅದಕ್ಕೆ ಕಣ್ಣಿಲ್ಲ. ತನ್ನ ರೂಮಿನಲ್ಲೇ ಕೂತು ಚಾಡಿ ಕೇಳುವ ಮ್ಯಾನೇಜರ್ ಇದ್ದ ಹಾಗೆ. ಸ್ಟ್ಯಾಂಡ್ ಬುಡದಲ್ಲಿರುವ ಸ್ವಿಚ್ಚು "ಸ್ಟ್ಯಾಂಡ್ ಕೆಳಗಿದೆ" ಅನ್ನುತ್ತದೆ. ಗೇರ್‌ಬಾಕ್ಸ್ ಹತ್ತಿರದ ಸ್ವಿಚ್ಚು "ನ್ಯೂಟ್ರಲ್ ಇದೆ" ಅಥವಾ "ಇಲ್ಲ" ಅನ್ನುತ್ತದೆ. ಸ್ಟ್ಯಾಂಡ್ ಕೆಳಗಿದ್ದರೂ ನ್ಯೂಟ್ರಲ್ ಇದ್ದರೆ ಪರವಾಗಿಲ್ಲ, ಎಂಜಿನ್ ಓಡಲಿ. ಸ್ಟ್ಯಾಂಡ್ ಕೆಳಗಿದ್ದು ಗೇರೂ ಬಿದ್ದರೆ ಕಿಡಿ ಬಂದ್. ನನ್ನ ಬೈಕಿನಲ್ಲಿ ಸ್ಟ್ಯಾಂಡ್ ಮೇಲಿತ್ತು. ಆದರೆ ಸ್ವಿಚ್ಚಿನ ಪುಟ್ಟ ಕಡ್ಡಿ ಕೆಸರಿಗೆ ಸಿಕ್ಕಿ ಒಳಗೇ ಕಚ್ಚಿಕೊಂಡು, "ಇನ್ನೂ ಕೆಳಗಿದೆ, ಇನ್ನೂ ಕೆಳಗಿದೆ" ಎಂದು ಚಾಡಿ ಹೇಳುತ್ತಲೇ ಇತ್ತು. ನಾನು ಚಿಮ್ಮಿಸಿದ ನೀರು ಕೆಸರನ್ನು ತೆಗೆದಿರಲಿಲ್ಲ. ಇನ್ನಷ್ಟು ಒಳಕ್ಕೆ ತಳ್ಳಿತ್ತು.

"ಅದೇ ಅಂತ ಹೇಗೆ ಗೊತ್ತು?" ಎಂದು ಕೇಳಿದೆ. ಆತ ಎಂಜಿನ್ ಓಡುತ್ತಿರುವಾಗ ಹಿಂಬ್ರೇಕ್ ಹಿಡಿಸಿ, ಸ್ಟ್ಯಾಂಡಿನ ಬುಡವನ್ನು ಹಿಮ್ಮಡಿಯಿಂದ ಇನ್ನಷ್ಟು ಮೇಲಕ್ಕೆ ಒತ್ತಿಹಿಡಿದು, ಗೇರು ಹಾಕು ಅಂದ. ಒಮ್ಮೆ ಓಡಿತು, ಮರುಸಲ ಸತ್ತಿತು. ಆಮೇಲೆ ವೈರ್ ಹಿಡಿದುಕೊಂಡು ಹೋಗಿ ಅದರ ಸಾಕೆಟ್ ಬಿಚ್ಚಿದ. ಮಲ್ಟಿಮೀಟರನ್ನು ಕರೆಂಟಿನ ದಾರಿ ಕೂಡಿದೆಯೇ ಎಂದು ನೋಡುವ ಕಂಟಿನ್ಯುಟಿಗೆ ಇಟ್ಟು ಸ್ವಿಚ್ಚಿನ ಎರಡು ತುದಿಗೆ ಮುಟ್ಟಿಸಿದ. ಸಾಮಾನ್ಯವಾಗಿ ಸ್ಟ್ಯಾಂಡ್ ಎತ್ತಿದಾಗ ಪೀ ಅನ್ನಬೇಕು, ಇಳಿಸಿದಾಗ ಸುಮ್ಮನಿರಬೇಕು. ನನ್ನದು ಎತ್ತಿದರೂ ಮೌನ, ಇಳಿಸಿದರೂ ಮೌನ. ಎರಡು ವೈರಿನ ಸ್ವಿಚ್ಚಿಗೆ ಮಾತ್ರ ಈ ಪರೀಕ್ಷೆ. ಮೂರು ವೈರ್ ಇರುವ ಅಯಸ್ಕಾಂತದ ಬಗೆಯದು ಹೀಗೆ ಗುಟ್ಟು ಬಿಡುವುದಿಲ್ಲ.

ನಾನು ನಡುವೆ ನನ್ನ ಜ್ಞಾನವನ್ನೂ ತೋರಿಸಬೇಕಲ್ಲ. "ನ್ಯೂಟ್ರಲ್ ಸೆನ್ಸರ್ ಹೋಗಿರಬಹುದು" ಅಂದೆ. ಆತ ಮೀಟರಿನ ಹಸಿರು ದೀಪ ತೋರಿಸಿದ. ನ್ಯೂಟ್ರಲ್‌ನಲ್ಲಿ ಹೊತ್ತುತ್ತಿತ್ತು, ಗೇರಿನಲ್ಲಿ ಆರುತ್ತಿತ್ತು. ಅಂದರೆ ಆ ಸ್ವಿಚ್ಚು ಪ್ರಾಮಾಣಿಕ. ಅದು ಕೆಟ್ಟರೆ ಕಥೆಯೇ ತಲೆಕೆಳಗು. ನ್ಯೂಟ್ರಲ್ ಇದ್ದರೂ ಹಸಿರು ದೀಪ ಬರುವುದಿಲ್ಲ, ಸ್ಟ್ಯಾಂಡ್ ಹಾಕಿಕೊಂಡು ಸ್ಟಾರ್ಟ್ ಮಾಡಿದರೆ ಆಗುವುದಿಲ್ಲ. ಸ್ಟ್ಯಾಂಡ್ ಎತ್ತಿ, ಕ್ಲಚ್ ಹಿಡಿದರೆ ಮಾತ್ರ ಏನೂ ಆಗೇ ಇಲ್ಲ ಅನ್ನುವಂತೆ ಹೊರಡುತ್ತದೆ. ಗೇರು ಹಾಕಿದಾಗ ಸಾಯುವುದು ಸ್ಟ್ಯಾಂಡಿನ ಕಾಯಿಲೆ. ನ್ಯೂಟ್ರಲ್‌ನಲ್ಲೇ ನಿಂತಿರುವಾಗ ಸ್ಟ್ಯಾಂಡ್ ಇಳಿಸಿದ ಕೂಡಲೇ ಸಾಯುವುದು ನ್ಯೂಟ್ರಲ್‌ನ ಕಾಯಿಲೆ. ಇದನ್ನು ನಾನು ಮೊದಲೇ ತಿಳಿದಿದ್ದರೆ ಪ್ಲಗ್ಗಿಗೆ ಅಷ್ಟು ಹಿಂಸೆ ಕೊಡುತ್ತಿರಲಿಲ್ಲ.

ಆ ನ್ಯೂಟ್ರಲ್ ಸ್ವಿಚ್ಚಿಗೆ ಇನ್ನೊಂದು ಥರದ ಸುಳ್ಳೂ ಗೊತ್ತು. ಎಷ್ಟೋ ಬೈಕುಗಳಲ್ಲಿ ಅದರ ವೈರ್ ಮುಂದಿನ ಸ್ಪ್ರಾಕೆಟ್ ಪಕ್ಕದಲ್ಲೇ, ಚೈನಿನ ಕಪ್ಪು ಜಿಡ್ಡಿನ ನಡುವೆ ಹಾದು ಹೋಗುತ್ತದೆ. ಅಲ್ಲಿ ಸವೆದು ಎಂಜಿನ್ ಮೈಗೆ ತಾಗಿದರೆ ಹಸಿರು ದೀಪ ಯಾವ ಗೇರಿನಲ್ಲೂ ಆರುವುದಿಲ್ಲ. ಇ.ಸಿ.ಯುಗೆ ಸದಾ ನ್ಯೂಟ್ರಲ್. ಗೇರಿನಲ್ಲಿದ್ದಾಗ ಕ್ಲಚ್ ಹಿಡಿಯದೆ ಬಟನ್ ಒತ್ತಿದರೆ ಬೈಕು ಗೋಡೆ ಕಡೆ ನೆಗೆಯುತ್ತದೆ. ದೀಪ ಉರಿಯುತ್ತಿದೆ ಅಂತ ಖುಷಿಪಡುವವರು ಗೋಡೆಯಿಂದ ಸ್ವಲ್ಪ ದೂರ ನಿಲ್ಲಿಸುವುದು ಒಳ್ಳೆಯದು.

ಸ್ಟ್ಯಾಂಡಿನ ಸ್ವಿಚ್ಚನ್ನು ಆತ ಬಿಚ್ಚಿದ. ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ ಮಾಡಿ, ಹಲ್ಲುಜ್ಜುವ ಬ್ರಷ್‌ನಿಂದ ಕಡ್ಡಿಯ ಸುತ್ತ ಉಜ್ಜಿ, ಒಣಗಲು ಬಿಟ್ಟ. ಗ್ರೀಸ್ ಹಚ್ಚಿ ಅಂದೆ. "ಅದರಿಂದಾನೇ ಮಣ್ಣು ಅಂಟೋದು" ಅಂದ. ಒಣಗುವಷ್ಟರಲ್ಲಿ ನನಗೆ ಆಫೀಸಿನ ಹೊತ್ತಾಗುತ್ತಿತ್ತು. ಸಾಕೆಟ್ಟಿನ ಎರಡು ತುದಿಗೆ ಒಂದು ತುಂಡು ವೈರ್ ಜೋಡಿಸಿ, "ಸ್ಟ್ಯಾಂಡ್ ಮೇಲಿದೆ ಅಂತ ಬೈಕಿಗೆ ಸುಳ್ಳು ಹೇಳಿದ್ದೀನಿ. ಇದು ಇವತ್ತಿಗೆ ಮಾತ್ರ. ಸಂಜೆ ಬಂದು ಸ್ವಿಚ್ಚು ಹಾಕಿಸಿಕೊಳ್ಳಿ. ಅಲ್ಲೀತನಕ ಸ್ಟ್ಯಾಂಡ್ ನೀವೇ ನೆನಪಿಟ್ಟುಕೊಳ್ಳಬೇಕು" ಅಂದ.

ಆಯ್ತಾಯ್ತು ಅಂದೆ. ಇಪ್ಪತ್ತು ವರ್ಷದ ಅನುಭವ ಅಲ್ವಾ.

ಸಂಜೆ ಆಫೀಸಿನಿಂದ ಹೊರಟಾಗ ಬೈಕು ಗೇರಿಗೆ ಬಿದ್ದು ಜಮ್ಮನೆ ಹೊರಟಿತು. ಯಾರೂ ತಡೆಯಲಿಲ್ಲ, ಏನೂ ಟಕ್ ಅನ್ನಲಿಲ್ಲ. ಮೊದಲ ಎಡ ತಿರುವಿನಲ್ಲಿ ಬೈಕನ್ನು ವಾಲಿಸಿದೆ. ಕಾಲ ಕೆಳಗಿನಿಂದ ಕರ್ರ್ ಎಂಬ ಸದ್ದು, ಹ್ಯಾಂಡಲ್ ಒಮ್ಮೆ ಒದ್ದಾಡಿತು, ಹಿಂದಿನ ಚಕ್ರ ನೆಲ ಬಿಟ್ಟು ಮತ್ತೆ ಕೂತಿತು. ಹೇಗೋ ನಿಲ್ಲಿಸಿದೆ. ಅಲ್ಲಿಂದ ಸೀದಾ ಮೆಕ್ಯಾನಿಕ್ ಹತ್ತಿರ, ಹತ್ತರ ಸ್ಪೀಡಿನಲ್ಲಿ.

ಆತ ಸ್ವಿಚ್ಚು ಹಾಕಲು ಬಗ್ಗಿದ. ಸ್ಟ್ಯಾಂಡಿನ ತುದಿ ಹೊಸದಾಗಿ ಉಜ್ಜಿ ಬೆಳ್ಳಗೆ ಹೊಳೆಯುತ್ತಿತ್ತು. ಅದನ್ನೊಮ್ಮೆ ನೋಡಿದ, ನನ್ನನ್ನೊಮ್ಮೆ ನೋಡಿದ. ಏನೂ ಕೇಳದೆ ತುಂಡು ವೈರ್ ಕಿತ್ತು ಜೇಬಿಗೆ ಹಾಕಿಕೊಂಡ.