ಶಿಲ್ಕು ತಾಳೆಯಾಗದ ಸಾಲು ಲೆಕ್ಕಕ್ಕೆ ಸೇರಬಾರದು

ಬ್ಯಾಂಕಿನ ಪೋರ್ಟಲ್‌ನಿಂದ ಸ್ಕ್ರಿಪ್ಟ್ ಮೂಲಕ ಸ್ಟೇಟ್‌ಮೆಂಟ್ ಇಳಿಸಿಕೊಂಡು, ಆ ಪಿಡಿಎಫ್‌ನಲ್ಲಿರುವ ಕೋಷ್ಟಕವನ್ನು ಎಕ್ಸೆಲ್ ಸಾಲುಗಳನ್ನಾಗಿ ಮಾಡಿಕೊಳ್ಳುವ ಕೆಲಸದಲ್ಲಿ ಎಲ್ಲರೂ ತಲೆಕೆಡಿಸಿಕೊಳ್ಳುವುದು ಇಳಿಸಿಕೊಳ್ಳುವ ಭಾಗಕ್ಕೆ. ಲಾಗಿನ್, ಒಟಿಪಿ, ದಿನಾಂಕದ ಆಯ್ಕೆ ಇವೆಲ್ಲ ತೊಡಕಿನವೇ ಹೌದು, ಆದರೆ ಅಲ್ಲಿ ಏನಾದರೂ ಕೆಟ್ಟರೆ ಸ್ಕ್ರಿಪ್ಟ್ ಸಾಮಾನ್ಯವಾಗಿ ಅಲ್ಲೇ ನಿಂತುಬಿಡುತ್ತದೆ, ನಮಗೂ ತಿಳಿಯುತ್ತದೆ. ಕೋಷ್ಟಕವನ್ನು ಓದುವಾಗ ಆಗುವ ತಪ್ಪು ಹಾಗಲ್ಲ. ಅದು ಯಾವ ಎಚ್ಚರಿಕೆಯನ್ನೂ ಕೊಡದೆ ಅಚ್ಚುಕಟ್ಟಾದ ಸಾಲುಗಳ ರೂಪದಲ್ಲಿಯೇ ಬಂದು ಕೂರುತ್ತದೆ. ನಮ್ಮ ಅಪಾರ್ಟ್‌ಮೆಂಟ್ ಮಾಲೀಕರ ಸಂಘದ ಲೆಕ್ಕವನ್ನು ಈ ರೀತಿ ನೋಡಿಕೊಳ್ಳುತ್ತಿರುವ ನನ್ನ ಅಭಿಪ್ರಾಯ ಇಷ್ಟು: ಸ್ಟೇಟ್‌ಮೆಂಟಿನ ಕೊನೆಯ ಅಂಕಣದಲ್ಲಿರುವ ಶಿಲ್ಕಿನೊಂದಿಗೆ ಪ್ರತಿಯೊಂದು ಸಾಲನ್ನೂ ತಾಳೆ ನೋಡದ ಸ್ಕ್ರಿಪ್ಟನ್ನು, ಅದು ಎಷ್ಟೇ ಚೆನ್ನಾಗಿ ಓಡುತ್ತಿದ್ದರೂ, ಲೆಕ್ಕಕ್ಕೆ ಬಳಸಬಾರದು.

ಮೊದಲು ಒಂದು ಸಂಗತಿಯನ್ನು ಸ್ಪಷ್ಟಪಡಿಸಿಕೊಳ್ಳಬೇಕು. ನಮ್ಮ ಕಣ್ಣಿಗೆ ಕೋಷ್ಟಕವಾಗಿ ಕಾಣುವುದು ಇಂತಹ ಪಿಡಿಎಫ್‌ನ ಒಳಗೆ ಸಾಮಾನ್ಯವಾಗಿ ಕೋಷ್ಟಕವಾಗಿ ಇರುವುದೇ ಇಲ್ಲ. ಇಂತಹ ಅಕ್ಷರವನ್ನು ಪುಟದ ಇಂತಹ ಸ್ಥಾನದಲ್ಲಿ ಮುದ್ರಿಸು, ಇಲ್ಲಿಂದ ಅಲ್ಲಿಗೆ ಒಂದು ಗೆರೆ ಎಳೆ ಎಂಬ ಸೂಚನೆಗಳಷ್ಟೇ ಅಲ್ಲಿರುತ್ತವೆ. ಸಾಲು ಯಾವುದು, ಅಂಕಣ ಯಾವುದು ಎಂಬುದನ್ನು ಓದುವ ಪ್ರೋಗ್ರಾಂ ಊಹಿಸಿಕೊಳ್ಳಬೇಕು. ಪೈಥಾನ್‌ನ `pdfplumber` ನಲ್ಲಿರುವ `extract_table` ಗೆರೆಗಳಿದ್ದರೆ ಗೆರೆಗಳನ್ನು ನೋಡಿ ಊಹಿಸುತ್ತದೆ. ಗೆರೆಗಳಿಲ್ಲದ ಸ್ಟೇಟ್‌ಮೆಂಟಿಗೆ ನಾವು `text` ವಿಧಾನವನ್ನು ಆರಿಸಿದರೆ, ಪದಗಳು ಎಲ್ಲೆಲ್ಲಿ ಒಂದರ ಕೆಳಗೊಂದು ಸಾಲಾಗಿ ನಿಂತಿವೆ ಎಂಬುದನ್ನು ನೋಡಿ ಊಹಿಸುತ್ತದೆ. ಎಡವಟ್ಟಾಗುವುದು ಈ ಎರಡನೆಯ ಊಹೆಯಲ್ಲಿ.

ನಮ್ಮ ಸಂಘದ ಖಾತೆಯನ್ನೇ ತೆಗೆದುಕೊಳ್ಳಿ. ತಿಂಗಳ ಮೊದಲ ವಾರದಲ್ಲಿ ನಿರ್ವಹಣಾ ಶುಲ್ಕ ಸಾಲುಸಾಲಾಗಿ ಯುಪಿಐ ಮೂಲಕ ಜಮಾ ಆಗುತ್ತದೆ, ಆದ್ದರಿಂದ ಒಂದು ಇಡೀ ಪುಟದಲ್ಲಿ ಜಮಾ ಮಾತ್ರ ಇದ್ದು, ಹಣ ತೆಗೆದ ನಮೂದು ಒಂದೂ ಇಲ್ಲದಿರುವುದು ಸಹಜ. ಆ ಪುಟದಲ್ಲಿ ಖರ್ಚಿನ ಅಂಕಣ ಖಾಲಿಯಾಗಿರುವುದರಿಂದ ಪ್ರೋಗ್ರಾಮಿನ ಊಹೆಯಲ್ಲಿ ಅದು ಇಲ್ಲವೇ ಇಲ್ಲ. ಆರು ಅಂಕಣಗಳ ಬದಲು ಐದು ಬರುತ್ತವೆ, ಜಮಾ ಮೊತ್ತಗಳೆಲ್ಲ ಖರ್ಚಿನ ಜಾಗಕ್ಕೆ ಸರಿಯುತ್ತವೆ. ಹಿಂದಿನ ಶಿಲ್ಕು 1,84,320.50 ಇದ್ದು 3,200 ರೂಪಾಯಿ ಜಮಾ ಆದಾಗ ಸ್ಟೇಟ್‌ಮೆಂಟಿನಲ್ಲಿ 1,87,520.50 ಎಂದು ಮುದ್ರಿತವಾಗಿರುತ್ತದೆ. ಸ್ಕ್ರಿಪ್ಟ್ ಅದನ್ನು ಖರ್ಚೆಂದು ಓದಿದರೆ ಲೆಕ್ಕದ ಪ್ರಕಾರ ಬರಬೇಕಾದ ಶಿಲ್ಕು 1,81,120.50. ವ್ಯತ್ಯಾಸ 6,400, ಅಂದರೆ ಮೊತ್ತದ ಸರಿಯಾಗಿ ಎರಡರಷ್ಟು. ಈ ಎರಡರಷ್ಟು ಎಂಬುದೇ ರೋಗದ ಲಕ್ಷಣ: ಮೊತ್ತ ಸರಿಯಾಗಿದೆ, ಅಂಕಣ ತಪ್ಪಿದೆ. ಅದರ ಬದಲು ವ್ಯತ್ಯಾಸ 3,200 ಮಾತ್ರ ಬಂದಿದ್ದರೆ, ನಡುವೆ ಅಷ್ಟೇ ಮೊತ್ತದ ಒಂದು ಸಾಲು ಬಿಟ್ಟುಹೋಗಿದೆ ಎಂದು ಅನುಮಾನಿಸಬೇಕು. ಪುಟ ಬದಲಾಗುವ ಜಾಗದಲ್ಲಿ ಹೀಗಾಗುವುದು ಹೆಚ್ಚು.

```python
diff = prev + deposit - withdrawal - balance
if diff != 0:
    raise ValueError((page_no, row, diff))
prev = balance
```

ಇಲ್ಲಿ `prev` ಗೆ ನಾವು ಕೂಡಿ ಕಳೆದು ಪಡೆದ ಶಿಲ್ಕನ್ನಲ್ಲ, ಮುದ್ರಿತವಾಗಿರುವ ಶಿಲ್ಕನ್ನೇ ಕೊಡಬೇಕು. ಆಗ ಮುಂದೆ ಎಲ್ಲ ವ್ಯತ್ಯಾಸಗಳನ್ನೂ ಒಟ್ಟಿಗೆ ಪಟ್ಟಿ ಮಾಡಬೇಕೆನಿಸಿದರೂ, ಒಂದು ಸಾಲಿನ ತಪ್ಪು ಅಲ್ಲಿಗೇ ನಿಲ್ಲುತ್ತದೆ, ಕೆಳಗಿನ ಸಾಲುಗಳೆಲ್ಲ ತಪ್ಪೆಂದು ತೋರುವುದಿಲ್ಲ. ಮೊತ್ತಗಳನ್ನು ಅಲ್ಪವಿರಾಮ ತೆಗೆದು `Decimal` ಆಗಿ ಇಟ್ಟುಕೊಳ್ಳಬೇಕು. `float` ಬಳಸಿದರೆ ಪೈಸೆಯ ಕೊನೆಯಲ್ಲಿ ಇಲ್ಲದ ವ್ಯತ್ಯಾಸ ಹುಟ್ಟಿಕೊಳ್ಳುತ್ತದೆ.

ಹಾಗಾದರೆ ಅಂಕಣವನ್ನು ಊಹೆಗೆ ಬಿಡದೆ ತಿಳಿಯುವುದು ಹೇಗೆ? ಹಣದ ಅಂಕಿಗಳು ಸಾಮಾನ್ಯವಾಗಿ ಬಲಕ್ಕೆ ಒತ್ತಿ ಮುದ್ರಿತವಾಗಿರುತ್ತವೆ. 12,500.00 ಮತ್ತು 950.00 ಬೇರೆ ಬೇರೆ ಕಡೆ ಶುರುವಾದರೂ ಮುಗಿಯುವುದು ಒಂದೇ ಕಡೆ. `extract_words` ಪ್ರತಿ ಪದದ ಎಡ ಅಂಚನ್ನು `x0` ಎಂದೂ ಬಲ ಅಂಚನ್ನು `x1` ಎಂದೂ ಕೊಡುತ್ತದೆ. ಒಂದು ಪುಟದ ಪದಗಳನ್ನು ಹಾಗೆಯೇ ಪ್ರಿಂಟ್ ಮಾಡಿ ನೋಡಿದರೆ, 595 ಪಾಯಿಂಟ್ ಅಗಲದ ಎ4 ಪುಟದಲ್ಲಿ ಖರ್ಚಿನ ಮೊತ್ತಗಳ `x1` 401ರ ಆಸುಪಾಸಿನಲ್ಲಿ, ಜಮಾ 477ರ ಬಳಿ, ಶಿಲ್ಕು 556ರ ಬಳಿ ಎಂಬಂತೆ ಗುಂಪುಗೂಡಿರುವುದು ಕಾಣುತ್ತದೆ. ಆ ಮೂರು ಸಂಖ್ಯೆಗಳನ್ನು ಸ್ಕ್ರಿಪ್ಟಿನಲ್ಲಿ ಬರೆದಿಟ್ಟು, ಎರಡು ಪಾಯಿಂಟ್ ಹೆಚ್ಚುಕಡಿಮೆಯ ಒಳಗೆ ಬಿದ್ದ ಮೊತ್ತವನ್ನು ಆಯಾ ಅಂಕಣಕ್ಕೆ ಹಾಕಿದರೆ, ಅಂಕಣ ಖಾಲಿಯಿದ್ದರೂ ಜಾಗ ತಪ್ಪುವುದಿಲ್ಲ. ಪ್ರತಿ ಬ್ಯಾಂಕಿಗೂ ಬೇರೆ ಸಂಖ್ಯೆ ಬೇಕಾಗುತ್ತದೆ, ಬ್ಯಾಂಕು ವಿನ್ಯಾಸ ಬದಲಿಸಿದ ತಿಂಗಳು ಮತ್ತೆ ಅಳೆಯಬೇಕಾಗುತ್ತದೆ. ಇದು ಹಳೆಯ ಕಾಲದ ವಿಧಾನವೆಂದು ಗೆಳೆಯರು ನಕ್ಕದ್ದುಂಟು. ನನಗೆ ಮಾತ್ರ ತಾನಾಗಿ ಎಲ್ಲವನ್ನೂ ಕಂಡುಹಿಡಿಯುವ ಪ್ರೋಗ್ರಾಮಿಗಿಂತ, ವಿನ್ಯಾಸ ಬದಲಾದ ದಿನ ಒಂದು ಮೊತ್ತವನ್ನೂ ಗುರುತಿಸಲಾರೆ ಎಂದು ನಿಂತುಬಿಡುವ ಪ್ರೋಗ್ರಾಮೇ ಹೆಚ್ಚು ಒಪ್ಪಿಗೆ.

ಶಿಲ್ಕಿನ ತಾಳೆಗೆ ಸಿಗದ ತಪ್ಪುಗಳೂ ಇವೆ. ಅವುಗಳಲ್ಲಿ ಮುಖ್ಯವಾದದ್ದು ವಿವರದ ಅಂಕಣ. ಯುಪಿಐ ವಿವರ ಉದ್ದವಾಗಿರುವುದರಿಂದ ಎರಡು ಮೂರು ಸಾಲುಗಳಿಗೆ ಮಡಚಿಕೊಳ್ಳುತ್ತದೆ. ದಿನಾಂಕವು ವಿವರದ ಮೊದಲ ಸಾಲಿನ ನೇರಕ್ಕಿದ್ದರೆ, ದಿನಾಂಕವಿಲ್ಲದ ಸಾಲನ್ನು ಮೇಲಿನದಕ್ಕೆ ಅಂಟಿಸಿದರೆ ಸಾಕು. ಆದರೆ ಕೆಲವು ಸ್ಟೇಟ್‌ಮೆಂಟುಗಳಲ್ಲಿ ದಿನಾಂಕ ಮತ್ತು ಮೊತ್ತ ವಿವರದ ನಡುಸಾಲಿನ ನೇರಕ್ಕೆ ಬರುತ್ತವೆ. ಅಲ್ಲಿ ಅದೇ ನಿಯಮವನ್ನು ಹಚ್ಚಿದರೆ ಎರಡನೆಯ ಫ್ಲಾಟಿನವರ ಹೆಸರಿನ ಮೊದಲ ತುಂಡು ಒಂದನೆಯವರ ಜಮಾಕ್ಕೆ ಸೇರಿಕೊಳ್ಳುತ್ತದೆ, ಶಿಲ್ಕು ಮಾತ್ರ ಪೈಸೆ ಬಿಡದೆ ತಾಳೆಯಾಗುತ್ತದೆ. ಯಾರ ಬಾಕಿ ಎಷ್ಟು ಎಂಬ ಸಂಘದ ಪಟ್ಟಿಗೆ ಇದರಷ್ಟು ಅಪಾಯಕಾರಿ ತಪ್ಪು ಬೇರೊಂದಿಲ್ಲ. ಇಂತಹ ಕಡೆ ನಮೂದುಗಳ ನಡುವೆ ಎಳೆದಿರುವ ಅಡ್ಡಗೆರೆಯ ಸ್ಥಾನವನ್ನು `page.lines` ಅಥವಾ `page.rects` ನಿಂದ ಪಡೆದು, ಎರಡು ಗೆರೆಗಳ ನಡುವಿನದನ್ನೆಲ್ಲ ಒಂದೇ ನಮೂದೆಂದು ತೆಗೆದುಕೊಳ್ಳುವುದು ಸರಿ. ಯುಪಿಐ ಉಲ್ಲೇಖ ಸಂಖ್ಯೆ 12 ಅಂಕಿಗಳದ್ದಾದ್ದರಿಂದ, ಒಂದು ಯುಪಿಐ ನಮೂದಿನ ವಿವರದಲ್ಲಿ ಅಂತಹ ಎರಡು ಸಂಖ್ಯೆಗಳು ಸಿಕ್ಕರೆ ಅಥವಾ ಒಂದೂ ಸಿಗದಿದ್ದರೆ ಆ ಸಾಲನ್ನು ಕಣ್ಣಾರೆ ನೋಡಬೇಕು.

ಇಳಿದ ಕಡತದ ಬಗ್ಗೆಯೂ ಒಂದು ಮಾತು. ಸೆಷನ್ ಮುಗಿದಿದ್ದರೆ ಕೆಲವು ಪೋರ್ಟಲ್‌ಗಳು ದೋಷ ಸಂಕೇತ ಕೊಡದೆ ಲಾಗಿನ್ ಪುಟವನ್ನೇ ಕಳುಹಿಸುತ್ತವೆ, ಸ್ಕ್ರಿಪ್ಟ್ ಅದನ್ನು `.pdf` ಹೆಸರಿನಲ್ಲಿ ಉಳಿಸುತ್ತದೆ. ಕಡತದ ಆರಂಭದಲ್ಲಿ `%PDF-` ಇದೆಯೇ ಎಂದು ನೋಡಿದರೆ ಇದು ಬಯಲಾಗುತ್ತದೆ.

ಕೊನೆಯದಾಗಿ, ಏಪ್ರಿಲ್ 1ರಿಂದ 30ರವರೆಗೆ ಒಂದು, ಏಪ್ರಿಲ್ 25ರಿಂದ ಮೇ 31ರವರೆಗೆ ಇನ್ನೊಂದು ಎಂಬಂತೆ ಅವಧಿಗಳು ಒಂದರ ಮೇಲೊಂದು ಬಿದ್ದಾಗ ಒಂದೇ ನಮೂದು ಎರಡು ಸಲ ಬರುತ್ತದೆ. ದಿನಾಂಕ ಮತ್ತು ಮೊತ್ತ ಒಂದೇ ಎಂಬ ಕಾರಣಕ್ಕೆ ಅಳಿಸಿದರೆ, ಒಂದೇ ದಿನ 3,200 ಕಟ್ಟಿದ ಇಬ್ಬರಲ್ಲಿ ಒಬ್ಬರ ಹಣ ಮಾಯವಾಗುತ್ತದೆ. ಉಲ್ಲೇಖ ಸಂಖ್ಯೆ ಮತ್ತು ಶಿಲ್ಕು ಎರಡನ್ನೂ ಸೇರಿಸಿ ಹೋಲಿಸಿದರೆ ಆ ಇಬ್ಬರ ನಮೂದುಗಳು ಬೇರೆಬೇರೆಯಾಗಿಯೇ ಉಳಿಯುತ್ತವೆ.