ದೀಪ ಉರಿಯುವುದು ರಾತ್ರಿ, ಸರಿ. ಬಿಲ್ ಬರುವುದು ತಿಂಗಳಿಗೆ!

ಭಾನುವಾರ ಪುಣೆಯ ನಮ್ಮ ಅಪಾರ್ಟ್‌ಮೆಂಟ್ ಸೊಸೈಟಿಯ ಸಭೆ ಇತ್ತು. ಪಾರ್ಕಿಂಗ್‌ನಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದೆವು. ಮೆಟ್ಟಿಲು, ಪಾರ್ಕಿಂಗ್, ಕಂಪೌಂಡ್ ದೀಪಗಳ ಖರ್ಚಿಗೆ ತಾರಸಿಯ ಮೇಲೆ ಸೋಲಾರ್ ಹಾಕೋಣ ಎಂದು ನಾನು ಒಂದು ಹಾಳೆ ಬರೆದುಕೊಂಡು ಹೋಗಿದ್ದೆ. ಓದಲು ಶುರು ಮಾಡಿ ಎರಡು ನಿಮಿಷವೂ ಆಗಿರಲಿಲ್ಲ, ಸೆಕ್ರೆಟರಿ ಕಾಕಾ ಮರಾಠಿಯಲ್ಲಿ ಹೇಳಿದರು, "ದಿವೇ ರಾತ್ರೀ ಲಾಗತಾತ, ಊನ್ ದಿವಸಾ ಅಸತೆ." ದೀಪ ಬೇಕಾಗುವುದು ರಾತ್ರಿ, ಬಿಸಿಲು ಇರುವುದು ಹಗಲು. ಅಷ್ಟೇ. ಎಲ್ಲರೂ ತಲೆಯಾಡಿಸಿದರು. ಮುಂದಿನ ವರ್ಷ ನೋಡೋಣ ಎಂದು ನೀರಿನ ಟ್ಯಾಂಕರ್ ವಿಷಯಕ್ಕೆ ಹೋದರು.

ಆ ಒಂದು ಮಾತು ಎರಡು ದಿನದಿಂದ ತಲೆಯಲ್ಲಿ ಕೂತಿದೆ. ನಿಮಗೆ ಗೊತ್ತಲ್ವಾ, ಇಪ್ಪತ್ತೆರಡು ವರ್ಷ ಭೋಸರಿಯ ಕಾರ್ಖಾನೆಯಲ್ಲಿ ಕರೆಂಟಿನ ಕೆಲಸವನ್ನೇ ಮಾಡಿದವನು ನಾನು. ಕೇಳಿದ್ದರೆ ಐದು ನಿಮಿಷದಲ್ಲಿ ಹೇಳುತ್ತಿದ್ದೆ. ಕೇಳಲಿಲ್ಲ, ಅದಕ್ಕೆ ಇಲ್ಲಿ ಬರೆಯುತ್ತಿದ್ದೇನೆ.

ಹಗಲಿನ ಕರೆಂಟ್ ರಾತ್ರಿಗೆ ಬರುವುದು ಬ್ಯಾಟರಿಯಿಂದ ಅಲ್ಲ, ನೆಟ್ ಮೀಟರ್‌ನಿಂದ. ಸೋಲಾರ್ ಹಾಕಿದ ಮೇಲೆ ಸೊಸೈಟಿಯ ಕಾಮನ್ ಮೀಟರ್ ತೆಗೆದು ಬೇರೆ ಮೀಟರ್ ಕೂರಿಸುತ್ತಾರೆ. ಅದು ಎರಡು ಲೆಕ್ಕ ಇಡುತ್ತದೆ: ಹೊರಗಿನಿಂದ ಒಳಗೆ ಬಂದದ್ದು ಎಷ್ಟು, ಒಳಗಿನಿಂದ ಹೊರಗೆ ಹೋದದ್ದು ಎಷ್ಟು. 5 ಕಿಲೋವ್ಯಾಟ್‌ನ ಪ್ಯಾನೆಲ್ ಒಳ್ಳೆಯ ಬಿಸಿಲಿನ ದಿನ ಸುಮಾರು 23 ಯೂನಿಟ್ ಕೊಡುತ್ತದೆ. ಹಗಲಲ್ಲಿ ನಮ್ಮ ಪಂಪ್ ಮತ್ತು ಲಿಫ್ಟ್ ಅದರಲ್ಲಿ ಐದಾರು ಯೂನಿಟ್ ತಿನ್ನುತ್ತವೆ. ಉಳಿದದ್ದು ಲೈನಿಗೆ ಹೋಗುತ್ತದೆ. ರಾತ್ರಿ ದೀಪಕ್ಕೆ ಲೈನಿನಿಂದ ತೆಗೆದುಕೊಳ್ಳುತ್ತೇವೆ. ತಿಂಗಳ ಕೊನೆಗೆ ಕಳೆದು ಉಳಿದ ಯೂನಿಟ್‌ಗೆ ಮಾತ್ರ ಬಿಲ್. ದೀಪ ರಾತ್ರಿ ಉರಿದರೇನು, ಮೀಟರ್‌ಗೆ ಅದು ಬೇಕಿಲ್ಲ!

ಒಂದು ವಿಷಯ ಒಪ್ಪಿಕೊಳ್ಳಬೇಕು. ಎರಡು ವರ್ಷದ ಹಿಂದೆ ಒಬ್ಬ ಗುತ್ತಿಗೆದಾರ ಬಂದಿದ್ದ. ತಾರಸಿ ತುಂಬ 15 ಕಿಲೋವ್ಯಾಟ್ ಹಾಕುತ್ತೇನೆ, ಮೂರು ವರ್ಷದಲ್ಲಿ ದುಡ್ಡು ವಾಪಸ್ ಎಂದಿದ್ದ. ಆಗ ಬೇಡ ಎಂದವನು ನಾನೇ. ಅವನ ಲೆಕ್ಕ ತಪ್ಪು ಎಂದು ಗೊತ್ತಿತ್ತು, ಆದರೆ ಸರಿಯಾದ ಲೆಕ್ಕ ಏನು ಎಂದು ಕೂತು ಮಾಡಲಿಲ್ಲ. ಸೊಸೈಟಿ ಎರಡು ವರ್ಷ ಪೂರ್ತಿ ಬಿಲ್ ಕಟ್ಟಿತು. ಅದು ಈಗಲೂ ಚುಚ್ಚುತ್ತದೆ.

ಅವನು ಎಲ್ಲಿ ತಪ್ಪಿದ್ದ? ನಮ್ಮ ಹನ್ನೆರಡು ತಿಂಗಳ ಬಿಲ್ ತೆಗೆದು ಕೂಡಿಸಿದೆ. ದೀಪ, ಲಿಫ್ಟ್, ಪಂಪ್ ಎಲ್ಲ ಸೇರಿ ವರ್ಷಕ್ಕೆ 7,680 ಯೂನಿಟ್, ತಿಂಗಳಿಗೆ 640. ಅದರಲ್ಲಿ ದೀಪದ್ದೇ ಸುಮಾರು 430. (ಟ್ಯೂಬ್‌ಲೈಟ್ ತೆಗೆದು ಎಲ್‌ಇಡಿ ಹಾಕಿದ ಮೇಲಿನ ಲೆಕ್ಕ ಇದು. ನಿಮ್ಮಲ್ಲಿ ಇನ್ನೂ ಹಳೇ ಚೋಕ್‌ನ ಟ್ಯೂಬ್ ಇದ್ದರೆ ಮೊದಲು ಅದನ್ನು ಬದಲಾಯಿಸಿ, ಆಮೇಲೆ ಸೋಲಾರ್ ಅಳೆಯಿರಿ.) ಪುಣೆಯಲ್ಲಿ ಮಳೆಗಾಲ ಸೇರಿಸಿ 1 ಕಿಲೋವ್ಯಾಟ್‌ಗೆ ವರ್ಷಕ್ಕೆ 1,350 ಯೂನಿಟ್ ಹಿಡಿಯಬಹುದು. 15 ಕಿಲೋವ್ಯಾಟ್ ಅಂದರೆ 20,250. ನಮಗೆ ಬೇಕಿರುವುದರ ಎರಡೂವರೆ ಪಟ್ಟಿಗಿಂತ ಜಾಸ್ತಿ! ಮಿಕ್ಕಿದ್ದು ತಿಂಗಳಿಂದ ತಿಂಗಳಿಗೆ ಖಾತೆಯಲ್ಲಿ ಮುಂದೆ ಹೋಗುತ್ತದೆ, ಆದರೆ ಮಾರ್ಚ್ ಕೊನೆಗೆ ಖಾತೆ ಮುಗಿಸುತ್ತಾರೆ, ಉಳಿದದ್ದಕ್ಕೆ ತೀರಾ ಕಡಿಮೆ ದರ ಸಿಗುತ್ತದೆ. ಗುತ್ತಿಗೆದಾರ ಎಲ್ಲಾ ಯೂನಿಟ್‌ಗೂ ಬಿಲ್‌ನ ಅತಿ ದುಬಾರಿ ದರ ಹಾಕಿದ್ದ.

ದರದ ವಿಷಯ ಇಲ್ಲೇ ಹೇಳಿಬಿಡುತ್ತೇನೆ. ನಮ್ಮ ಬಿಲ್ ಸ್ಲ್ಯಾಬ್‌ನಲ್ಲಿದೆ, ಮೊದಲ ಯೂನಿಟ್‌ಗಳು ಅಗ್ಗ, ಮೇಲೆ ಹೋದ ಹಾಗೆ ದುಬಾರಿ. ಸೋಲಾರ್ ಕಳೆಯುವುದು ಮೇಲಿನಿಂದ. ಮೊದಲ ಕಿಲೋವ್ಯಾಟ್ ಅತಿ ದುಬಾರಿ ಯೂನಿಟ್ ಉಳಿಸುತ್ತದೆ, ಕೊನೆಯದು ಅಗ್ಗದ ಯೂನಿಟ್. ಅದಕ್ಕೇ ತಾರಸಿ ನೋಡಿ ಅಳತೆ ಮಾಡಬಾರದು, ಬಿಲ್ ನೋಡಿ ಮಾಡಬೇಕು. ನಾನು 5 ಕಿಲೋವ್ಯಾಟ್‌ಗೆ ನಿಲ್ಲಿಸಿದೆ. ವರ್ಷಕ್ಕೆ 6,750 ಯೂನಿಟ್. ಉಳಿದ ಒಂಬೈನೂರು ಚಿಲ್ಲರೆ ಯೂನಿಟ್ ಅಗ್ಗದ ಸ್ಲ್ಯಾಬ್‌ನಲ್ಲೇ ಬರುತ್ತದೆ, ಅದನ್ನು ಕೊಂಡುಕೊಳ್ಳೋಣ.

ಈಗ ದುಡ್ಡು. ಸ್ಟ್ಯಾಂಡ್, ವೈರಿಂಗ್, ಪ್ಯಾನೆಲ್‌ನ ಕರೆಂಟನ್ನು ಲೈನಿಗೆ ಹೊಂದಿಸುವ ಇನ್ವರ್ಟರ್ ಸೇರಿ ನಮಗೆ ಬಂದ ಕೊಟೇಶನ್ 3 ಲಕ್ಷ. ಉಳಿಯುವ ಯೂನಿಟ್‌ಗೆ ಫಿಕ್ಸೆಡ್ ಚಾರ್ಜ್ ಬಿಟ್ಟು, ಸ್ಲ್ಯಾಬ್ ತೂಗಿಸಿ 12 ರೂಪಾಯಿ ಹಿಡಿದೆ. ಫಿಕ್ಸೆಡ್ ಚಾರ್ಜ್ ಸೋಲಾರ್ ಹಾಕಿದರೂ ಹೋಗುವುದಿಲ್ಲ, ಅದನ್ನು ಉಳಿತಾಯಕ್ಕೆ ಸೇರಿಸಿದರೆ ಮೋಸ. 6,750 ಸಲ 12 ಅಂದರೆ 81,000. ತೊಳೆಯುವುದು, ರಿಪೇರಿ ಅಂತ 6,000 ಕಳೆದೆ. ವರ್ಷಕ್ಕೆ 75,000. ಮೂರು ಲಕ್ಷಕ್ಕೆ ನಾಲ್ಕು ವರ್ಷ. 48 ಮನೆಗೆ ಹಂಚಿದರೆ ಮನೆಗೆ 6,250.

ಪಿಎಂ ಸೂರ್ಯಘರ್ ಯೋಜನೆಯಲ್ಲಿ ಸೊಸೈಟಿಯ ಕಾಮನ್ ಬಳಕೆಗೆ ಕಿಲೋವ್ಯಾಟ್‌ಗೆ 18,000 ಸಬ್ಸಿಡಿ ಇದೆ, ನಮಗೆ 90,000. ಅದು ಬಂದರೆ ಮೂರು ವರ್ಷದೊಳಗೆ ಮುಗಿಯುತ್ತದೆ. ಆದರೆ ಅದು ಕೆಲಸ ಮುಗಿದ ಮೇಲೆ ಬರುವ ದುಡ್ಡು. ಮೊದಲು ಪೂರ್ತಿ ಮೂರು ಲಕ್ಷ ನಾವೇ ಹಾಕಬೇಕು, ಹಾಗಾಗಿ ಸಭೆಗೆ ನಾಲ್ಕು ವರ್ಷ ಅಂತಲೇ ಹೇಳುತ್ತೇನೆ. ಹತ್ತು ಹನ್ನೆರಡು ವರ್ಷಕ್ಕೆ ಇನ್ವರ್ಟರ್ ಬದಲಾಯಿಸುವ ಖರ್ಚೂ ಬರುತ್ತದೆ, ಅದನ್ನೂ ಮುಚ್ಚಿಡುವುದಿಲ್ಲ.

ಬೆಳಗಾವಿ ಕಡೆಯ ಮೂರನೇ ಮಹಡಿಯ ಅಕ್ಕ ಸಭೆ ಮುಗಿದ ಮೇಲೆ ಕೇಳಿದರು, "ಮಳೆಗಾಲದಾಗ ಏನ್ ಮಾಡೂದ್ರಿ?" ನ್ಯಾಯವಾದ ಪ್ರಶ್ನೆ. ಜುಲೈಯಲ್ಲಿ ಉತ್ಪಾದನೆ ಅರ್ಧಕ್ಕೆ ಇಳಿಯಬಹುದು. ಏಪ್ರಿಲ್, ಮೇ ತಿಂಗಳಲ್ಲಿ ಮಿಕ್ಕಿದ್ದು ಅಷ್ಟಿಷ್ಟು ನೆರವಿಗೆ ಬರುತ್ತದೆ, ಉಳಿದದ್ದಕ್ಕೆ ಬಿಲ್ ಕಟ್ಟುತ್ತೇವೆ. 1,350 ಎಂದು ಹಿಡಿದದ್ದೇ ಮಳೆಗಾಲ ಸೇರಿಸಿ. ಕರೆಂಟ್ ಹೋದಾಗ ಲಿಫ್ಟ್ ಓಡುತ್ತದಾ ಅಂತಲೂ ಕೇಳಿದರು. ಇಲ್ಲ. ಲೈನ್ ಹೋದರೆ ಈ ಇನ್ವರ್ಟರ್ ತಾನೇ ನಿಂತುಬಿಡುತ್ತದೆ, ಕಂಬದ ಮೇಲೆ ಕೆಲಸ ಮಾಡುವವನಿಗೆ ಶಾಕ್ ಹೊಡೆಯಬಾರದಲ್ವಾ. ಜನರೇಟರ್ ಇರಲೇಬೇಕು.

ನನಗೆ ನಿಜವಾಗಿ ಚಿಂತೆ ಇರುವುದು ನೀರಿನ ಟ್ಯಾಂಕಿನ ನೆರಳು ಮತ್ತು ಪಾರಿವಾಳ. ಪ್ಯಾನೆಲ್‌ಗಳನ್ನು ಸರಪಳಿಯ ಹಾಗೆ ಜೋಡಿಸುತ್ತಾರೆ, ಒಂದರ ಮೇಲೆ ನೆರಳು ಬಿದ್ದರೆ ಪೂರ್ತಿ ಸಾಲಿನ ಕೆಲಸ ಕುಗ್ಗಬಹುದು. ಡಿಸೆಂಬರ್‌ನಲ್ಲಿ ಬೆಳಿಗ್ಗೆ 9ಕ್ಕೆ ಮತ್ತು ಸಂಜೆ 4ಕ್ಕೆ ತಾರಸಿಯಲ್ಲಿ ನಿಂತು ನೆರಳು ಎಲ್ಲಿವರೆಗೆ ಬರುತ್ತದೆ ಎಂದು ಸೀಮೆಸುಣ್ಣದಲ್ಲಿ ಗೆರೆ ಎಳೆಯಬೇಕು. 5 ಕಿಲೋವ್ಯಾಟ್‌ಗೆ ಸುಮಾರು 500 ಚದರ ಅಡಿ ಬೇಕು, ಅಷ್ಟು ಗೆರೆಯ ಆಚೆ ಸಿಗಬೇಕು. ಪಾರಿವಾಳ ಪ್ಯಾನೆಲ್ ಕೆಳಗೆ ಗೂಡು ಕಟ್ಟಿ ಮೇಲೆಲ್ಲ ಹಿಕ್ಕೆ ಹಾಕುತ್ತದೆ, ಸುತ್ತಲೂ ಜಾಲರಿ ಮೊದಲೇ ಹಾಕಿಸಬೇಕು. ಮಾರ್ಚ್‌ನ ಶುಭ್ರ ದಿನದಲ್ಲೂ 23ರ ಬದಲು 15 ಯೂನಿಟ್ ತೋರಿಸಿದರೆ ಧೂಳು, ಹಿಕ್ಕೆ, ನೆರಳು, ಇವುಗಳಲ್ಲೊಂದು ಇದೆ ಅಂತಲೇ ಮೊದಲು ಹುಡುಕುತ್ತೇನೆ. ತಾರಸಿಗೆ ತೂತು ಕೊರೆದರೆ ಸೋರುತ್ತದೆ ಎನ್ನುವವರಿಗೆ, ಸ್ಟ್ಯಾಂಡನ್ನು ಕಾಂಕ್ರೀಟ್ ಬ್ಲಾಕ್‌ಗೆ ಬಿಗಿದು ತಾರಸಿ ಮೇಲೆ ಇಡಬಹುದು. ಗಾಳಿಗೆ ಎಷ್ಟು ತೂಕ ಬೇಕು, ಆ ತೂಕ ನಮ್ಮ ತಾರಸಿ ತಡೆಯುತ್ತದಾ ಎಂದು ಇಂಜಿನಿಯರ್ ಬರೆದುಕೊಡಬೇಕು, ಬಾಯಿಮಾತು ಸಾಲದು.

ಮುಂದಿನ ಸಭೆಗೆ ಹನ್ನೆರಡೂ ಬಿಲ್ ಝೆರಾಕ್ಸ್ ಮಾಡಿಸಿ ನೋಟಿಸ್ ಬೋರ್ಡಿಗೆ ಹಾಕುತ್ತಿದ್ದೇನೆ. ಪುಣೆಯಲ್ಲಿ ನಿಮ್ಮ ಸೊಸೈಟಿಯಲ್ಲಿ ಈಗಾಗಲೇ ಸೋಲಾರ್ ಇದ್ದರೆ ಒಂದು ಉಪಕಾರ ಮಾಡಿ. ಏಪ್ರಿಲ್ ಮತ್ತು ಜುಲೈ ಬಿಲ್‌ನಲ್ಲಿ ಒಳಗೆ ಬಂದ, ಹೊರಗೆ ಹೋದ ಯೂನಿಟ್ ಎಷ್ಟು, ಪ್ಯಾನೆಲ್ ಎಷ್ಟು ಕಿಲೋವ್ಯಾಟ್, ಇಷ್ಟು ಕಳಿಸಿ. ರಾತ್ರಿ ದೀಪ ಉರಿದ ಬಿಲ್ ಹೇಗಿರುತ್ತದೆ ಎಂದು ಕಾಕಾ ಅವರ ಕೈಗೇ ಕೊಡುತ್ತೇನೆ.