ಬಾಡಿಗೆ ಮನೆಯ ಮೀಟರ್ ನಿಮ್ಮ ಹೆಸರಿಗೆ ಬೇಕೆ? ಮೊದಲು ಬಿಲ್ಲಿನಲ್ಲಿ ಯಾರ ಹೆಸರಿದೆ ನೋಡಿ

ಚಿಕ್ಕಮಗಳೂರಿನಲ್ಲಿ ಬಾಡಿಗೆಗೆ ಬಂದವರು ಪದೇ ಪದೇ ಕೇಳುವ ಪ್ರಶ್ನೆ ಇದು: ಕರೆಂಟು, ನಲ್ಲಿ ಎರಡನ್ನೂ ನಮ್ಮ ಹೆಸರಿಗೆ ಮಾಡಿಸಲು ಮಾಲೀಕರಿಂದ ಏನೇನು ಕಾಗದ ಬೇಕು? ಗೃಹಜ್ಯೋತಿಗಾಗಿ ಕೇಳುತ್ತಿದ್ದರೆ ಇಷ್ಟು ಓಡಾಟವೇ ಬೇಡ. ಮೀಟರ್ ಮಾಲೀಕರ ಹೆಸರಲ್ಲೇ ಇರಲಿ. ಬಾಡಿಗೆ ಕರಾರು ಮತ್ತು ನಿಮ್ಮ ಆಧಾರ್ ಇಟ್ಟುಕೊಂಡು ಸೇವಾಸಿಂಧುವಿನಲ್ಲಿ ಆ ಆರ್‌ಆರ್ ನಂಬರಿಗೆ ಜೋಡಿಸಿದರೆ ಆಯಿತು. ಹಿಂದಿನ ಬಾಡಿಗೆಯವರ ಆಧಾರ್ ಇನ್ನೂ ಅಂಟಿಕೊಂಡಿದ್ದರೆ ಮೊದಲು ಅದನ್ನು ಡಿ-ಲಿಂಕ್ ಮಾಡಿಸಬೇಕು.

ನಿಜಕ್ಕೂ ಹೆಸರೇ ಬದಲಾಗಬೇಕು ಎಂದರೆ, ಮೆಸ್ಕಾಂ ಉಪವಿಭಾಗದ ಕಚೇರಿಗೆ ಹೋಗುವಾಗ ಮಾಲೀಕರ ಕಡೆಯಿಂದ ಈಚಿನ ಖಾತಾ, ಕಂದಾಯ ಕಟ್ಟಿದ ರಸೀದಿ, ಸಹಿ ಮಾಡಿದ ಒಪ್ಪಿಗೆ ಪತ್ರ ಇರಲಿ. ನಿಮ್ಮ ಕಡೆಯಿಂದ ಬಾಡಿಗೆ ಕರಾರು, ಗುರುತಿನ ಚೀಟಿ, ಬಾಕಿಯಿಲ್ಲದ ಬಿಲ್ಲು. ಒಪ್ಪಿಗೆ ಪತ್ರದಲ್ಲಿ ಆರ್‌ಆರ್ ನಂಬರ್ ಇರಲಿ, ಠೇವಣಿಯ ಬಗ್ಗೆಯೂ ಒಂದು ಸಾಲು ಇರಲಿ. ಜನ ಮರೆಯುವುದು ಈ ಸಾಲನ್ನೇ.

ಠೇವಣಿ ಎಂದರೆ ಸುಮಾರು ಎರಡು ತಿಂಗಳ ಬಿಲ್ಲಿನಷ್ಟು ಹಣ. ತಿಂಗಳಿಗೆ 900 ರೂಪಾಯಿ ಬರುವ ಮನೆಗೆ 1,800. ಹಳೆಯ ಲೆಕ್ಕದಲ್ಲಿ 600 ಮಾತ್ರ ಇದ್ದು, ಅದನ್ನು ಮಾಲೀಕರು ನಿಮಗೆ ಬಿಟ್ಟುಕೊಟ್ಟರೆ, ಉಳಿದ 1,200 ನೀವು ತುಂಬುತ್ತೀರಿ. ಬಿಟ್ಟುಕೊಡದಿದ್ದರೆ ಪೂರ್ತಿ 1,800 ನಿಮ್ಮದೇ.

ಕೆಲಸ ಕೆಡುವುದು ಹೆಚ್ಚಾಗಿ ಇಲ್ಲಿ: ಖಾತಾ ಮಗನ ಹೆಸರಲ್ಲಿ, ಕರೆಂಟ್ ಬಿಲ್ ತೀರಿಹೋದ ತಂದೆಯ ಹೆಸರಲ್ಲಿ. ಮಗ ಎಷ್ಟು ಪ್ರೀತಿಯಿಂದ ಒಪ್ಪಿಗೆ ಬರೆದುಕೊಟ್ಟರೂ, ದಾಖಲೆಯಲ್ಲಿ ಗ್ರಾಹಕರು ತಂದೆಯೇ, ಠೇವಣಿಯೂ ಅವರದೇ. ಹಾಗಾಗಿ ಅರ್ಜಿ ವಾಪಸ್ ಬರುತ್ತದೆ. ಮೊದಲು ಮರಣ ಪ್ರಮಾಣಪತ್ರ, ವಂಶವೃಕ್ಷ, ಉಳಿದ ವಾರಸುದಾರರ ಒಪ್ಪಿಗೆ ಕೊಟ್ಟು ಮಗನ ಹೆಸರಿಗೆ ಮಾಡಿಸಿ, ಆಮೇಲೆ ನಿಮ್ಮ ಹೆಸರಿಗೆ. ಎರಡು ಹೆಜ್ಜೆಯ ಕೆಲಸ. ಅಣ್ಣತಮ್ಮಂದಿರ ತಕರಾರಿದ್ದರೆ ಆ ಮನೆಯಲ್ಲಿ ಇದರ ಆಸೆ ಬಿಡುವುದೇ ಲೇಸು.

ನೀರಿನದು ಬೇರೆ ಲೆಕ್ಕ. ನಗರಸಭೆಯ ನಲ್ಲಿ ಆಸ್ತಿಯ ಖಾತಾಕ್ಕೆ ಅಂಟಿದ್ದು, ಬಾಡಿಗೆಯವರು ಬದಲಾದಂತೆ ಅದರ ಹೆಸರು ಬದಲಿಸುವ ರೂಢಿಯಿಲ್ಲ. ಮಾಲೀಕರ ಹೆಸರಲ್ಲೇ ಬಿಲ್ ಕಟ್ಟಿ, ರಸೀದಿ ಇಟ್ಟುಕೊಳ್ಳಿ.

ನನ್ನ ಅಭಿಪ್ರಾಯ ಕೇಳಿದರೆ, 11 ತಿಂಗಳ ಕರಾರಿನ ಮನೆಗೆ ಮೀಟರ್ ಹೆಸರು ಬದಲಿಸುವುದು ದಂಡ. ಬಿಡುವಾಗ ಮತ್ತೆ ತಿರುಗಿಸಿಕೊಡಬೇಕು. ಮಾಲೀಕರು ಹಿಂದೇಟು ಹಾಕುವುದೂ ಅದಕ್ಕೇ, ಜಿಪುಣತನಕ್ಕಲ್ಲ. ಅಂಗಡಿಯ ಜಿಎಸ್‌ಟಿ ನೋಂದಣಿಗೂ ಬಾಡಿಗೆ ಕರಾರಿನ ಜೊತೆ ಮಾಲೀಕರ ಹೆಸರಿನ ಕರೆಂಟ್ ಬಿಲ್ ನಡೆಯುತ್ತದೆ. ವರ್ಷಗಟ್ಟಲೆಯ ನೋಂದಾಯಿತ ಭೋಗ್ಯವಾದರೆ ಮಾತ್ರ ಈ ಓಡಾಟಕ್ಕೆ ಬೆಲೆ. ಉಳಿದವರು ಕೀಲಿ ಪಡೆದ ದಿನವೇ ಮೀಟರ್ ರೀಡಿಂಗಿನ ಫೋಟೋ ತೆಗೆದು, ಆ ಅಂಕಿಯನ್ನೂ ನೀರಿನ ಹಳೇ ಬಾಕಿ ಯಾರದ್ದೆಂಬುದನ್ನೂ ಕರಾರಿನಲ್ಲೇ ಬರೆಸಿ.